ಕಂಪನಿಯ ಕಾನ್‌ಕಾಲ್, ನಮ್ಮ ಗೋದಾಮು: ಇಂಗ್ಲಿಷ್ ಟ್ರಾನ್ಸ್‌ಕ್ರಿಪ್ಟನ್ನು ಒಂದು ಪುಟದ ಕನ್ನಡಕ್ಕೆ ಇಳಿಸುವುದು ಹೇಗೆ

ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಕಡೆ ಬೀಜ, ಗೊಬ್ಬರ, ಔಷಧಿ ವ್ಯಾಪಾರ ಮಾಡುವವರಿಗೆ ಕಂಪನಿಯ ಸುದ್ದಿ ಬರುವುದು ಏರಿಯಾ ಮ್ಯಾನೇಜರ್ ಬಾಯಿಂದ. ಆತ ಒಳ್ಳೆಯವನೇ ಇರುತ್ತಾನೆ, ಆದರೆ ಅವನ ತಲೆ ಮೇಲೆ ಟಾರ್ಗೆಟ್ ಇರುತ್ತದೆ. ಮಾಲು ಎತ್ತಿಸುವ ತನಕ ಕೆಲವು ಮಾತು ಅವನ ಬಾಯಿಂದ ಹೊರಬೀಳುವುದಿಲ್ಲ. ಅದೇ ಕಂಪನಿ ಷೇರುಪೇಟೆಯಲ್ಲಿ ಇದ್ದರೆ, ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಿದ ಮೇಲೆ ಅದರ ಎಂಡಿ ಮತ್ತು ಹಣಕಾಸು ನೋಡಿಕೊಳ್ಳುವ ಸಿಎಫ್‌ಒ ಫೋನಿನಲ್ಲಿ ಕೂತು ಹೂಡಿಕೆದಾರರ ಪ್ರಶ್ನೆಗಳಿಗೆ ಸುಮಾರು ಒಂದು ತಾಸು ಉತ್ತರ ಕೊಡುತ್ತಾರೆ. ಇದೇ ಕಾನ್‌ಕಾಲ್. ಡೀಲರುಗಳ ಗೋದಾಮಿನಲ್ಲಿ ಮಾಲು ಎಷ್ಟು ಕೂತಿದೆ, ವಾಪಸ್ ಎಷ್ಟು ಬಂತು, ಉದ್ರಿ ಎಷ್ಟು ದಿನಕ್ಕೆ ವಸೂಲಾಗುತ್ತಿದೆ ಎಂಬುದೆಲ್ಲ ಅಲ್ಲಿ ಮಾತಿಗೆ ಬರುತ್ತದೆ. ಅಂದರೆ ನಮ್ಮದೇ ಕಥೆ, ನಾವಿಲ್ಲದ ಕಡೆ, ಇಂಗ್ಲಿಷಿನಲ್ಲಿ.

ಆ ಮಾತುಕತೆಯನ್ನು ಬರಹಕ್ಕಿಳಿಸಿದ ಟ್ರಾನ್ಸ್‌ಕ್ರಿಪ್ಟ್ ಯಾರು ಬೇಕಾದರೂ ಓದಬಹುದಾದ ಕಾಗದ. ಆದರೆ ಹದಿನೈದಿಪ್ಪತ್ತು ಪುಟದ ಇಂಗ್ಲಿಷನ್ನು ಅಂಗಡಿಯಲ್ಲಿ ಕೂತು ಓದುವವರು ಯಾರು? ಒಬ್ಬರು ಓದಿ, ಮಾಲೀಕರಿಗೆ, ಕೌಂಟರಿನವರಿಗೆ, ಹಳ್ಳಿ ಸುತ್ತುವ ಫೀಲ್ಡ್ ಹುಡುಗರಿಗೆ ಒಂದು ಪುಟ ಕನ್ನಡದಲ್ಲಿ ಬರೆದು ಕೊಡಬೇಕು. ನಾನು ಕೆಲಸ ಮಾಡುವ ಏಜೆನ್ಸಿಯಲ್ಲಿ ಆ ಕೆಲಸ ನನ್ನದು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹಂತಹಂತವಾಗಿ ಇಟ್ಟಿದ್ದೇನೆ.

ಮೊದಲು ಸರಿಯಾದ ಕಾಗದ ಹಿಡಿಯಿರಿ

ಲಿಸ್ಟೆಡ್ ಕಂಪನಿ ಇಂಥ ಕಾಲ್ ನಡೆಸಿದರೆ, ಮುಗಿದ ಐದು ಕೆಲಸದ ದಿನಗಳ ಒಳಗೆ ಟ್ರಾನ್ಸ್‌ಕ್ರಿಪ್ಟನ್ನು ಷೇರು ವಿನಿಮಯ ಕೇಂದ್ರಕ್ಕೆ ಕೊಡಬೇಕು ಮತ್ತು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮವಿದೆ. 2022ರ ಏಪ್ರಿಲ್‌ನಿಂದ ಇದು ಕಡ್ಡಾಯ. ಧ್ವನಿಮುದ್ರಿಕೆ ಅದಕ್ಕೂ ಮೊದಲೇ ಬರುತ್ತದೆ. ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ, ಪ್ರಕಟಣೆಗಳ ಪಟ್ಟಿಯಲ್ಲಿ `Earnings Call Transcript` ಎಂಬುದನ್ನು ಹುಡುಕಿ. ಕಾಸು ಕೊಡಬೇಕಿಲ್ಲ, ಖಾತೆಯೂ ಬೇಕಿಲ್ಲ. ಅದರ ಜೊತೆಗೆ ಅದೇ ಫಲಿತಾಂಶದ ಪ್ರೆಸ್ ರಿಲೀಸನ್ನೂ ಇಳಿಸಿಕೊಳ್ಳಿ. ಬಾಯಿಮಾತಿನಲ್ಲಿ ಬಂದ ಅಂಕಿಯನ್ನು ತಾಳೆ ನೋಡಲು ಅದು ಬೇಕಾಗುತ್ತದೆ.

ಮೊದಲ ಪುಟದಲ್ಲಿ ನೋಡಬೇಕಾದ್ದು ಎರಡು: ಕಾಲ್ ನಡೆದ ದಿನಾಂಕ, ಮತ್ತು ಅದು ಯಾವ ತ್ರೈಮಾಸಿಕದ್ದು ಎಂಬುದು. ಕಂಪನಿಯವರು 'ಕ್ಯೂ2 ಎಫ್‌ವೈ26' ಎಂದು ಬರೆದಿರುತ್ತಾರೆ. ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾಗಿ ಮಾರ್ಚ್‌ಗೆ ಮುಗಿಯುವುದರಿಂದ ಅದು 2025ರ ಜುಲೈ-ಸೆಪ್ಟೆಂಬರ್. ನಿಮ್ಮ ಪುಟದಲ್ಲಿ ಎಲ್ಲೂ 'ಕ್ಯೂ2' ಎಂದು ಬರೆಯಬೇಡಿ, ತಿಂಗಳ ಹೆಸರನ್ನೇ ಬರೆಯಿರಿ. ಫೀಲ್ಡ್ ಹುಡುಗನಿಗೆ ತಿಂಗಳು ಹೇಳಿದರೆ ಆಗ ಗದ್ದೆಯಲ್ಲಿ ಏನಿತ್ತು ಎಂಬುದು ತಾನೇ ಕಣ್ಣಿಗೆ ಬರುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟಿದೆ. ಕಾಲ್‌ನಲ್ಲಿ 'ರಬಿ ಸೀಸನ್' ಎಂದರೆ ಇಡೀ ದೇಶದ ಹಿಂಗಾರು. ಅದರಲ್ಲಿ ಉತ್ತರದ ಗೋಧಿ, ಸಾಸಿವೆಯೇ ದೊಡ್ಡ ಪಾಲು. ನಮ್ಮಲ್ಲಿ ಮಳೆಯಾಶ್ರಿತ ಕಡೆ ಹಿಂಗಾರು ಎಂದರೆ ಜೋಳ, ಕಡಲೆ. ಕಾಲುವೆ ಕಡೆಯವರಿಗೆ ಬೇಕಿರುವುದು ಎರಡನೇ ಬೆಳೆ, ಅಂದರೆ ಬೇಸಿಗೆ ಭತ್ತ. ಎಂಡಿ 'ರಬಿ ಚೆನ್ನಾಗಿ ಕಾಣುತ್ತಿದೆ' ಎಂದದ್ದನ್ನು 'ಎರಡನೇ ಬೆಳೆ ಚೆನ್ನಾಗಿರುತ್ತದಂತೆ' ಎಂದು ಬರೆದರೆ ಅವರು ಹೇಳದ್ದನ್ನು ನಾವು ಹೇಳಿದ ಹಾಗಾಯಿತು.

ಓದುವ ಮುಂಚೆ ಅಂಗಡಿಯಲ್ಲಿ ಕೇಳಿ

ಟ್ರಾನ್ಸ್‌ಕ್ರಿಪ್ಟ್ ಇರುವುದು ಷೇರು ಕೊಂಡವರಿಗಾಗಿ. ಅದರ ಮುಕ್ಕಾಲು ಭಾಗ ನಮಗೆ ಸಂಬಂಧವಿಲ್ಲ: ಹೊಸ ಕಾರ್ಖಾನೆಗೆ ಹಾಕಿದ ಬಂಡವಾಳ, ತೆರಿಗೆ ದರ, ರಫ್ತು ಇತ್ಯಾದಿ. ಅದನ್ನು ಬಿಡುವ ಧೈರ್ಯ ಬರಬೇಕೆಂದರೆ ಏನನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು. ಹಾಗಾಗಿ ಓದುವ ಹಿಂದಿನ ದಿನ ಅಂಗಡಿಯಲ್ಲಿ ಎಲ್ಲರನ್ನೂ ಕೇಳಿ ಇಟ್ಟುಕೊಳ್ಳಿ. ನಮ್ಮಲ್ಲಿ ಪ್ರತಿ ಸಲ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೌಂಟರಿನಲ್ಲಿ ಕೂರುವ ಹಿರಿಯರು, "ಉಳಿದ ಮಾಲು ಹೊಳ್ಳಿ ತಗೋತಾರೋ ಇಲ್ಲೋ, ಅಷ್ಟ ನೋಡ್ರಿ" ಎನ್ನುತ್ತಾರೆ. ಮಾಲೀಕರಿಗೆ ಬೇಕಿರುವುದು ರೇಟು ಇಳಿಯುತ್ತದೋ ಏರುತ್ತದೋ ಎಂಬುದು ಮತ್ತು ಉದ್ರಿ ಅವಧಿ. ಫೀಲ್ಡ್ ಹುಡುಗರಿಗೆ ಹೊಸ ಔಷಧಿ ಯಾವಾಗ ಬರುತ್ತದೆ, ಯಾವ ಬೆಳೆಗೆ ಎಂಬುದು.

ವಾಪಸ್, ರೇಟು, ಉದ್ರಿ, ಹೊಸ ಮಾಲು. ಇಷ್ಟನ್ನು ಒಂದು ಹಾಳೆಯ ಎಡಕ್ಕೆ ಬರೆದುಕೊಂಡು ಓದಲು ಕೂರಿ. ಷೇರು ಕೊಳ್ಳಬೇಕೋ ಮಾರಬೇಕೋ ಎಂಬ ಮಾತು ಈ ಪುಟಕ್ಕೆ ಬೇಡವೇ ಬೇಡ. ಅದು ನಮ್ಮ ಕೆಲಸವಲ್ಲ, ಅಂಥ ಸಲಹೆ ಕೊಡುವವರಿಗೆ ಸೆಬಿಯ ನೋಂದಣಿ ಬೇರೆ ಬೇಕು.

ಹಿಂದಿನಿಂದ ಓದಿ

ಟ್ರಾನ್ಸ್‌ಕ್ರಿಪ್ಟಿನ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ವಿನಿಮಯ ಕೇಂದ್ರಕ್ಕೆ ಬರೆದ ಪತ್ರ, ಕಂಪನಿಯ ಕಡೆಯಿಂದ ಯಾರ್ಯಾರು ಇದ್ದರು ಎಂಬ ಪಟ್ಟಿ, 'ಮುಂದಿನ ದಿನಗಳ ಬಗ್ಗೆ ಹೇಳಿದ್ದು ಹಾಗೆಯೇ ಆಗುತ್ತದೆ ಎಂದೇನಿಲ್ಲ' ಎಂಬ ಎಚ್ಚರಿಕೆ, ಎಂಡಿಯ ಆರಂಭದ ಭಾಷಣ, ಸಿಎಫ್‌ಒ ಓದುವ ಅಂಕಿಗಳು, ಕೊನೆಗೆ ಪ್ರಶ್ನೋತ್ತರ. ಆರಂಭದ ಭಾಷಣ ಬರೆದು ಓದಿದ್ದು, ಒಂದೊಂದು ಪದವೂ ತೂಗಿ ಇಟ್ಟದ್ದು. ಪ್ರಶ್ನೋತ್ತರದಲ್ಲಿ ಮಾತ್ರ ಹೂಡಿಕೆದಾರರ ಪರ ಕಂಪನಿಯ ಲೆಕ್ಕ ಅಳೆಯುವ ಒಬ್ಬ ಅನಲಿಸ್ಟ್ ಬಿಡದೆ ಕೇಳಿದಾಗ ನಿಜವಾದ ಮಾತು ಬರುತ್ತದೆ. ಆದ್ದರಿಂದ ಮೊದಲು ಪ್ರಶ್ನೋತ್ತರ ಓದಿ, ಆಮೇಲೆ ಆರಂಭಕ್ಕೆ ಬನ್ನಿ.

ಓದುತ್ತಾ ಪ್ರತಿ ಉಪಯೋಗದ ಮಾತಿಗೂ ನಾಲ್ಕು ಸಂಗತಿ ಬರೆದುಕೊಳ್ಳಿ: ಪುಟ ಎಷ್ಟು, ಯಾರು ಹೇಳಿದ್ದು, ಯಾವ ಅವಧಿಯ ಮಾತು, ಎಷ್ಟು ಖಚಿತ. ಯಾರು ಹೇಳಿದ್ದು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಹೆಚ್ಚು ತಪ್ಪು ಆಗುವುದು ಅಲ್ಲೇ. ಅನಲಿಸ್ಟ್ ಕೇಳುತ್ತಾನೆ: 'ಹಾಗಾದರೆ ವರ್ಷದ ಎರಡನೇ ಅರ್ಧದಲ್ಲಿ 15 ಪರ್ಸೆಂಟ್ ಬೆಳವಣಿಗೆ ಅಂದುಕೊಳ್ಳಬಹುದೇ?' ಎಂಡಿ 'ಯಾ, ಸೋ...' ಎಂದು ಶುರು ಮಾಡಿ ಮಳೆ, ಕಚ್ಚಾಮಾಲು, ಚೀನಾದ ದರ ಎಲ್ಲ ಹೇಳಿ ಮುಗಿಸುತ್ತಾರೆ. ಆ 'ಯಾ' ಒಪ್ಪಿಗೆಯಲ್ಲ, ಗಂಟಲು ಸರಿಮಾಡಿಕೊಂಡದ್ದು ಅಷ್ಟೇ. 15 ಎಂಬುದು ಅನಲಿಸ್ಟನ ಅಂಕಿ. ಅದು ನಿಮ್ಮ ಪುಟದಲ್ಲಿ ಕಂಪನಿಯ ಬಾಯಲ್ಲಿ ಬರಕೂಡದು.

ಅಂಕಿಯ ಮೇಲೆ ಅನುಮಾನ ಬಂದರೆ ಧ್ವನಿಮುದ್ರಿಕೆ ಕೇಳಿ. ಹದಿನೈದು ಮತ್ತು ಐವತ್ತು ಇಂಗ್ಲಿಷಿನಲ್ಲಿ ಕಿವಿಗೆ ಒಂದೇ ಥರ ಬೀಳುತ್ತವೆ. ಬರೆದುಕೊಂಡವರು ಬೆಳೆ, ಔಷಧಿ, ಊರಿನ ಹೆಸರುಗಳನ್ನು ಏನೇನೋ ಮಾಡಿರುತ್ತಾರೆ. ಎಷ್ಟೋ ಟ್ರಾನ್ಸ್‌ಕ್ರಿಪ್ಟುಗಳಲ್ಲಿ ಕಂಪನಿಯೇ ಅಡಿಟಿಪ್ಪಣಿ ಹಾಕಿರುತ್ತದೆ: ಓದಲು ಸುಲಭವಾಗಲೆಂದು ತಿದ್ದಿದ್ದೇವೆ, ವ್ಯತ್ಯಾಸ ಕಂಡರೆ ಧ್ವನಿಮುದ್ರಿಕೆಯೇ ಅಂತಿಮ ಎಂದು. ಮಾತು ಕೇಳಿಸಲಿಲ್ಲ ಎಂಬ ಅರ್ಥದಲ್ಲಿ 'ಇನ್‌ಆಡಿಬಲ್' ಎಂದು ಇರುವ ಕಡೆ ಊಹೆಯಿಂದ ತುಂಬಬೇಡಿ.

ಒಂದು ಉತ್ತರವನ್ನು ಬಿಡಿಸಿ ನೋಡೋಣ

ಈ ಉದಾಹರಣೆ ಯಾವುದೇ ಕಂಪನಿಯದ್ದಲ್ಲ. ಇಂಥ ಕಾಲ್‌ಗಳ ಧಾಟಿಯಲ್ಲಿ ನಾನೇ ಹೆಣೆದದ್ದು. ಔಷಧಿ ಕಂಪನಿಯೊಂದರ ಜುಲೈ-ಸೆಪ್ಟೆಂಬರ್ ಕಾಲ್ ಎಂದುಕೊಳ್ಳಿ.

ಆರಂಭದಲ್ಲಿ ಸಿಎಫ್‌ಒ ಹೇಳುತ್ತಾರೆ: ಈ ತ್ರೈಮಾಸಿಕದ ವಹಿವಾಟು 6,240 ಮಿಲಿಯನ್ ರೂಪಾಯಿ, ಹೋದ ವರ್ಷ ಇದೇ ಅವಧಿಯಲ್ಲಿ 6,500 ಮಿಲಿಯನ್. ವಾಲ್ಯೂಮ್ 8 ಪರ್ಸೆಂಟ್ ಏರಿದೆ, ಬೆಲೆ 11 ಪರ್ಸೆಂಟ್ ಇಳಿದಿದೆ. ವಸೂಲಿ ಅವಧಿ 112 ದಿನದಿಂದ 104ಕ್ಕೆ ಬಂದಿದೆ.

ಪ್ರಶ್ನೋತ್ತರದಲ್ಲಿ ಒಬ್ಬರು ದಕ್ಷಿಣದಲ್ಲಿ ಚಾನೆಲ್ ಇನ್ವೆಂಟರಿ, ಅಂದರೆ ಡೀಲರುಗಳ ಹತ್ತಿರ ಉಳಿದ ಮಾಲು ಹೇಗಿದೆ, ಸೇಲ್ಸ್ ರಿಟರ್ನ್, ಅಂದರೆ ವಾಪಸ್ ಏರಿದೆಯೇ ಎಂದು ಕೇಳುತ್ತಾರೆ. ಎಂಡಿಯ ಉತ್ತರದ ಸಾರ: ಮೆಣಸಿನಕಾಯಿ ಔಷಧಿಗಳಲ್ಲಿ ಚಾನೆಲ್ ಇನ್ವೆಂಟರಿ ಸ್ವಲ್ಪ ಹೆಚ್ಚಿದೆ. ಹಾಗಾಗಿ ಬೇಕೆಂದೇ ಪ್ಲೇಸ್‌ಮೆಂಟ್ ಕಡಿಮೆ ಮಾಡಿದೆವು. ವಾಪಸ್ ಮಾಲಿಗೆ ಎತ್ತಿಟ್ಟ ಮೊತ್ತ ಹೋದ ವರ್ಷಕ್ಕಿಂತ 150 ಬೇಸಿಸ್ ಪಾಯಿಂಟ್ ಹೆಚ್ಚು, ಸುಮಾರು 9 ಪರ್ಸೆಂಟ್. ರಬಿ ಸರಿಯಾಗಿ ನಡೆದರೆ ಜನವರಿ-ಮಾರ್ಚ್ ಹೊತ್ತಿಗೆ ಇದು ಮಾಮೂಲಿಗೆ ಬರುತ್ತದೆಂದು ನಿರೀಕ್ಷೆ. ಡೀಲರುಗಳ ರಿಟರ್ನ್ ಪಾಲಿಸಿಯಲ್ಲಿ ಬದಲಾವಣೆ ಇದೆಯೇ ಎಂದು ಕೇಳಿದ್ದಕ್ಕೆ, ಅದನ್ನು ಆಫ್‌ಲೈನ್ ಮಾತಾಡೋಣ ಎನ್ನುತ್ತಾರೆ.

ಮೊದಲು ಅಂಕಿ. ಹತ್ತು ಮಿಲಿಯನ್ ಒಂದು ಕೋಟಿ. ಹಾಗಾಗಿ 6,240 ಮಿಲಿಯನ್ ಎಂದರೆ 624 ಕೋಟಿ, 6,500 ಎಂದರೆ 650 ಕೋಟಿ. ವಹಿವಾಟು 26 ಕೋಟಿ ಇಳಿದಿದೆ, ಅಂದರೆ ಶೇ 4. ಇದು ಉಳಿದೆರಡು ಅಂಕಿಗೆ ಹೊಂದುತ್ತದೆಯೇ ನೋಡಿ. ನೂರು ರೂಪಾಯಿಯ ವ್ಯಾಪಾರ 8ರಷ್ಟು ಹೆಚ್ಚಾದರೆ 108, ಅದರ ರೇಟು 11ರಷ್ಟು ಬಿದ್ದರೆ 96ರ ಆಸುಪಾಸು. ಸರಿ, ಹೊಂದಿತು. ಹೊಂದದಿದ್ದರೆ ಬರೆದುಕೊಂಡವರ ತಪ್ಪಿರಬಹುದು ಅಥವಾ ನಡುವೆ ಬೇರೆ ಲೆಕ್ಕ ಇರಬಹುದು. ಆಗ ಪ್ರೆಸ್ ರಿಲೀಸ್ ತೆಗೆಯಿರಿ. 150 ಬೇಸಿಸ್ ಪಾಯಿಂಟ್ ಎಂದರೆ ಒಂದೂವರೆ ಪರ್ಸೆಂಟ್ ಪಾಯಿಂಟ್: ಹೋದ ವರ್ಷ ನೂರು ರೂಪಾಯಿ ಮಾಲಿಗೆ ಏಳೂವರೆ ರೂಪಾಯಿಯಷ್ಟು ವಾಪಸಿಗೆ ಎತ್ತಿಟ್ಟಿದ್ದರು, ಈ ವರ್ಷ ಒಂಬತ್ತು. ಪುಟದಲ್ಲಿ ಹೀಗೆಯೇ ಬರೆಯಿರಿ. 'ಬೇಸಿಸ್ ಪಾಯಿಂಟ್' ಎಂಬ ಮಾತು ಅಲ್ಲಿ ಬೇಕಿಲ್ಲ.

ಈಗ ಆ 11 ಪರ್ಸೆಂಟ್. ಇದನ್ನು 'ರೇಟು ಶೇ 11 ಇಳಿಯುತ್ತದೆ' ಎಂದು ಬರೆದರೆ ಏನಾಗುತ್ತದೆ ಗೊತ್ತೇ? ಮಾಲೀಕರು ಆರ್ಡರ್ ನಿಲ್ಲಿಸುತ್ತಾರೆ, ರೇಟು ಬೀಳಲಿ ಎಂದು ಕಾಯುತ್ತಾರೆ. ಆದರೆ ಸಿಎಫ್‌ಒ ಹೇಳಿದ್ದು ಹೋದ ವರ್ಷದ ಜುಲೈ-ಸೆಪ್ಟೆಂಬರ್‌ಗೆ ಹೋಲಿಸಿದರೆ ಈ ವರ್ಷ ಅಷ್ಟು ಕಡಿಮೆ ಇತ್ತು ಎಂದು. ಆ ಇಳಿಕೆ ಈಗಾಗಲೇ ಆಗಿಹೋಗಿದೆ, ನಮ್ಮ ಬಿಲ್ಲಿನಲ್ಲೂ ಬಹುಶಃ ಬಂದಿದೆ. ಜೊತೆಗೆ ಅದು ಎಲ್ಲ ಮಾಲು, ಎಲ್ಲ ರಾಜ್ಯ ಸೇರಿಸಿದ ಸರಾಸರಿ. ಕಂದು ಜಿಗಿಹುಳುವಿನ ಔಷಧಿ ಇದ್ದಲ್ಲೇ ಇದ್ದು, ಕಳೆನಾಶಕ ಮಾತ್ರ ಜೋರಾಗಿ ಬಿದ್ದಿರಬಹುದು. ಸರಿಯಾದ ಸಾಲು: 'ಜುಲೈ-ಸೆಪ್ಟೆಂಬರ್‌ನಲ್ಲಿ ಕಂಪನಿಯ ಮಾಲಿನ ಸರಾಸರಿ ಬೆಲೆ ಹೋದ ವರ್ಷಕ್ಕಿಂತ ಶೇ 11 ಕಡಿಮೆ ಇತ್ತು. ಮುಂದೆ ಇನ್ನೂ ಇಳಿಯುತ್ತದೆಂದು ಹೇಳಿಲ್ಲ.' ಎರಡನೇ ವಾಕ್ಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವುದಿಲ್ಲ. ಓದಿದವರು ತಪ್ಪು ದಾರಿ ಹಿಡಿಯದಂತೆ ನೀವೇ ಹಾಕಬೇಕಾದದ್ದು. ಇಡೀ ಟ್ರಾನ್ಸ್‌ಕ್ರಿಪ್ಟ್ ನೋಡಿ, ನಿಜಕ್ಕೂ ಹೇಳಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹಾಕಬೇಕು.

ಔಷಧಿ ವ್ಯಾಪಾರದಲ್ಲಿ ಹಿಂದಿನ ತ್ರೈಮಾಸಿಕದ ಜೊತೆ ಮಾಡುವ ಹೋಲಿಕೆಯನ್ನು ಬಿಟ್ಟುಬಿಡಿ. ಏಪ್ರಿಲ್-ಜೂನ್ ಬಿತ್ತನೆಯ ಹೊತ್ತು, ಜುಲೈ-ಸೆಪ್ಟೆಂಬರ್ ಸಿಂಪಡಣೆಯ ಹೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಎನ್ನುವುದರಿಂದ ನಮಗೇನೂ ತಿಳಿಯುವುದಿಲ್ಲ. ಹೋದ ವರ್ಷದ ಅದೇ ತಿಂಗಳುಗಳ ಜೊತೆ ಇರುವ ಹೋಲಿಕೆ ಮಾತ್ರ ಎತ್ತಿಕೊಳ್ಳಿ.

ಇನ್ನು 'ಪ್ಲೇಸ್‌ಮೆಂಟ್ ಕಡಿಮೆ ಮಾಡಿದೆವು' ಎಂಬ ಮಾತು. ಸೀಸನ್ ಶುರುವಾಗುವ ಮೊದಲೇ ಡೀಲರ್ ಗೋದಾಮಿಗೆ ಮಾಲು ತುಂಬಿಸುವುದಕ್ಕೆ ಅವರು ಹಾಗೆನ್ನುತ್ತಾರೆ. ನಮ್ಮ ಭಾಷೆಯಲ್ಲಿ 'ಡೀಲರುಗಳಿಗೆ ಮಾಲು ತುಂಬಿಸುವುದನ್ನು ಕಡಿಮೆ ಮಾಡಿದ್ದೇವೆ ಎಂದರು'. ಇದನ್ನು ಓದಿದ ಕೂಡಲೇ ಮಾಲೀಕರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಹಾಗಿದ್ದರೆ ಹೋದ ತಿಂಗಳು ಏರಿಯಾ ಮ್ಯಾನೇಜರ್ ನಮಗೆ ಯಾಕೆ ಅಷ್ಟು ಮೆಣಸಿನಕಾಯಿ ಔಷಧಿ ಎತ್ತಿಸಿದ? ಉತ್ತರ ಟ್ರಾನ್ಸ್‌ಕ್ರಿಪ್ಟಿನಲ್ಲಿಲ್ಲ. ಆ ಪ್ರಶ್ನೆಯನ್ನು ಪುಟದ ಕೊನೆಯಲ್ಲಿ 'ಏರಿಯಾ ಮ್ಯಾನೇಜರ್‌ನ ಕೇಳಬೇಕಾದ್ದು' ಎಂಬ ತಲೆಬರಹದ ಕೆಳಗೆ ಇಡಿ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಅದೇ.

ಎಷ್ಟು ಖಚಿತ ಎಂಬುದು ಕ್ರಿಯಾಪದದಲ್ಲಿ ಕಾಣಲಿ

ಇಂಗ್ಲಿಷಿನಲ್ಲಿ ಎಂಡಿಗಳು ನೂರು ಥರ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ: ಆಶಿಸುತ್ತೇವೆ, ನಂಬಿದ್ದೇವೆ, ಗುರಿ ಇದೆ, ಎಲ್ಲ ಸರಿ ಹೋದರೆ, ಹೆಚ್ಚುಕಡಿಮೆ. ಅವೆಲ್ಲಕ್ಕೂ ಒಂದೊಂದು ಕನ್ನಡ ಹುಡುಕುತ್ತಾ ಕೂತರೆ ಓದುವವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ನಾಲ್ಕೇ ಮಟ್ಟ ಇಟ್ಟುಕೊಳ್ಳಿ, ಪ್ರತಿ ಸಲ ಅದೇ ಮಾತು ಬಳಸಿ. ಆಗಿಹೋದದ್ದಕ್ಕೆ 'ಆಗಿದೆ'. ಮಾಡಿಯೇ ಮಾಡುತ್ತೇವೆ ಎಂದು ಒಪ್ಪಿಕೊಂಡದ್ದಕ್ಕೆ 'ಮಾಡುತ್ತೇವೆ ಎಂದರು'. ಉಳಿದ ಎಲ್ಲ ಆಸೆ, ಗುರಿ, ನಂಬಿಕೆಗೆ 'ಆಗಬಹುದೆಂಬ ನಿರೀಕ್ಷೆ ಇದೆ ಎಂದರು'. ಜಾರಿಕೊಂಡದ್ದಕ್ಕೆ 'ಕೇಳಿದರು, ಉತ್ತರ ಕೊಡಲಿಲ್ಲ'.

ನಾಲ್ಕನೆಯದನ್ನು ಬಿಡಬೇಡಿ. 'ಆಫ್‌ಲೈನ್ ಮಾತಾಡೋಣ', 'ಆ ವಿವರ ಈಗ ಕೈಯಲ್ಲಿಲ್ಲ', 'ಪ್ರಾಡಕ್ಟ್‌ವಾರು ಅಂಕಿ ಕೊಡುವುದಿಲ್ಲ' ಎಂಬುದೆಲ್ಲ ಅಲ್ಲಿಗೇ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ ವಾಪಸ್ ನಿಯಮದ ಬಗ್ಗೆ ಉತ್ತರ ಬರಲಿಲ್ಲ. 'ನಿಯಮ ಬದಲಾಗಿಲ್ಲ' ಎಂದು ಬರೆದರೂ ತಪ್ಪು, 'ಬದಲಾಗುತ್ತದೆ' ಎಂದು ಬರೆದರೂ ತಪ್ಪು. ನಮ್ಮ ಕಡೆ ಸುದ್ದಿ ಓಡುವ ವೇಗ ನಿಮಗೂ ಗೊತ್ತು. ಬೆಳಗ್ಗೆ ವಾಟ್ಸ್ಯಾಪ್ ಗುಂಪಿನಲ್ಲಿ 'ವಾಪಸ್ ಬಗ್ಗೆ ಅನುಮಾನ' ಎಂದು ಹಾಕಿದರೆ, ಮಧ್ಯಾಹ್ನದ ಹೊತ್ತಿಗೆ ಮಸ್ಕಿಯಲ್ಲಿ "ವಾಪಸ್ ಬಂದ್ ಮಾಡ್ಯಾರಂತ" ಎಂದಾಗಿರುತ್ತದೆ, ಸಣ್ಣ ಅಂಗಡಿಯವರು ಸಂಜೆಯೊಳಗೆ ಉಳಿದ ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿ ನಿಮ್ಮ ಬಾಗಿಲಿಗೆ ತಂದಿರುತ್ತಾರೆ.

ಬೆಳವಣಿಗೆಯ ಬಗ್ಗೆ ಹೇಳುವಾಗ 'ಲೋ ಡಬಲ್ ಡಿಜಿಟ್', 'ಹೈ ಸಿಂಗಲ್ ಡಿಜಿಟ್', 'ಮಿಡ್ ಟೀನ್ಸ್' ಎಂಬ ಮಾತು ಬರುತ್ತವೆ. ಮೊದಲನೆಯದು ಹತ್ತಕ್ಕಿಂತ ಸ್ವಲ್ಪ ಮೇಲೆ, ಎರಡನೆಯದು ಹತ್ತಕ್ಕಿಂತ ಸ್ವಲ್ಪ ಕೆಳಗೆ, ಮೂರನೆಯದು ಹದಿನೈದರ ಸುತ್ತಮುತ್ತ. ಅವರು ಸಡಿಲವಾಗಿ ಬಿಟ್ಟದ್ದನ್ನು ನೀವು 12 ಎಂದು ಬಿಗಿ ಮಾಡಬೇಡಿ. 'ಹತ್ತಕ್ಕಿಂತ ಸ್ವಲ್ಪ ಮೇಲೆ' ಎಂದೇ ಇರಲಿ.

ಅವರ ಮಾತು ಬೇರೆ, ನಮ್ಮ ಟಿಪ್ಪಣಿ ಬೇರೆ

ಓದುತ್ತಾ ನಿಮಗೆ ಸ್ಥಳೀಯ ವಿಷಯ ನೆನಪಾಗುತ್ತದೆ, ಆಗಲೇಬೇಕು. ದೇಶದ ಜಲಾಶಯಗಳು ತುಂಬಿವೆ, ಬೇಡಿಕೆ ಚೆನ್ನಾಗಿರುತ್ತದೆ ಎಂದು ಎಂಡಿ ಹೇಳುತ್ತಾರೆ. ನಮ್ಮ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಸಿಗುತ್ತದೋ ಇಲ್ಲವೋ, ಎಷ್ಟು ದಿನ ಎಂಬುದು ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗುತ್ತದೆ. 2024ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಹೆಚ್ಚಿತ್ತು. ಆದರೆ ಆ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ, ತಾತ್ಕಾಲಿಕ ಗೇಟ್ ಕೂರುವ ತನಕ ಇಲ್ಲಿಯವರ ಲೆಕ್ಕವೇ ಬೇರೆಯಾಗಿತ್ತು. ಆ ವಾರ ಇಡೀ ದೇಶದ ಸರಾಸರಿ ಹಿಡಿದು ಸಿಂಧನೂರಿನ ಆರ್ಡರ್ ಬರೆಯುವುದು ಸಾಧ್ಯವಿರಲಿಲ್ಲ.

ಈ ತಿಳಿವಳಿಕೆ ಪುಟದಲ್ಲಿ ಬರಬೇಕು, ಆದರೆ ಕಂಪನಿಯ ಮಾತಿನ ಜೊತೆ ಬೆರೆಯಬಾರದು. 'ನಮ್ಮ ಟಿಪ್ಪಣಿ' ಎಂದು ಬರೆದು ಬೇರೆ ಸಾಲಿನಲ್ಲಿ ಹಾಕಿ. ಮಾಲೀಕರು ನಾಳೆ ಏರಿಯಾ ಮ್ಯಾನೇಜರ್ ಎದುರು, "ನಿಮ್ಮ ಎಂಡಿನೇ ಹಿಂಗ ಹೇಳ್ಯಾರ" ಎಂದು ಕಾಗದ ಹಿಡಿಯುವವರು. ಅಲ್ಲಿ ಎಂಡಿ ಹೇಳದ ಒಂದು ಸಾಲು ಇದ್ದರೂ ಉಳಿದ ಸಾಲುಗಳ ಬೆಲೆ ಹೋಗುತ್ತದೆ. ಅದಕ್ಕೇ ಪ್ರತಿ ಸಾಲಿನ ಪಕ್ಕ ಪುಟಸಂಖ್ಯೆ ಇರಲಿ.

ಬರೆದ ಪುಟ ಹೀಗಿರಬಹುದು

ಮೊದಲ ಸಾಲಿನಲ್ಲಿ ಅಂಗಡಿಗೆ ಅತಿ ಹತ್ತಿರದ ಸಂಗತಿ ಬರಲಿ, ಕಂಪನಿಯ ಲಾಭ ಕೊನೆಗೆ ಹೋಗಲಿ ಅಥವಾ ಬಿಟ್ಟೇಹೋಗಲಿ. ಮೇಲಿನ ಉದಾಹರಣೆಯನ್ನೇ ಬರೆದರೆ:

> ಔಷಧಿ ಕಂಪನಿಯ ಜುಲೈ-ಸೆಪ್ಟೆಂಬರ್ 2025ರ ಕಾಲ್: ನಮಗೆ ಬೇಕಾದಷ್ಟು
>
> ವಾಪಸ್ ಮಾಲು: ವಾಪಸಿಗೆಂದು ಕಂಪನಿ ಎತ್ತಿಟ್ಟ ಮೊತ್ತ ಏರಿದೆ. ನೂರು ರೂಪಾಯಿ ಮಾಲಿಗೆ ಹೋದ ವರ್ಷ ಏಳೂವರೆ, ಈ ವರ್ಷ ಸುಮಾರು ಒಂಬತ್ತು. ಹಿಂಗಾರು ಸರಿ ನಡೆದರೆ ಜನವರಿ-ಮಾರ್ಚ್‌ನಲ್ಲಿ ಮಾಮೂಲಿಗೆ ಬರಬಹುದೆಂಬ ನಿರೀಕ್ಷೆ ಇದೆ ಎಂದರು. ವಾಪಸ್ ನಿಯಮ ಬದಲಾಗುತ್ತದೆಯೇ ಎಂದು ಒಬ್ಬರು ಕೇಳಿದರು, ಉತ್ತರ ಕೊಡಲಿಲ್ಲ. (ಎಂಡಿ, ಪುಟ 9)
>
> ಗೋದಾಮು: ದಕ್ಷಿಣದಲ್ಲಿ ಮೆಣಸಿನಕಾಯಿ ಔಷಧಿ ಡೀಲರುಗಳ ಹತ್ತಿರ ಸ್ವಲ್ಪ ಹೆಚ್ಚು ಉಳಿದಿದೆ. ಹಾಗಾಗಿ ಮಾಲು ತುಂಬಿಸುವುದನ್ನು ಕಡಿಮೆ ಮಾಡಿದ್ದೇವೆ ಎಂದರು. (ಎಂಡಿ, ಪುಟ 9)
>
> ರೇಟು: ಈ ಮೂರು ತಿಂಗಳಲ್ಲಿ ಎಲ್ಲ ಮಾಲಿನ ಸರಾಸರಿ ಬೆಲೆ ಹೋದ ವರ್ಷದ ಇದೇ ತಿಂಗಳುಗಳಿಗಿಂತ ಶೇ 11 ಕಡಿಮೆ ಇತ್ತು. ಮುಂದೆ ಇನ್ನೂ ಇಳಿಯುತ್ತದೆಂದು ಹೇಳಿಲ್ಲ. ಮಾರಾಟವಾದ ಪ್ರಮಾಣ ಶೇ 8 ಹೆಚ್ಚಿದೆ. ಒಟ್ಟು ವಹಿವಾಟು 650 ಕೋಟಿಯಿಂದ 624 ಕೋಟಿಗೆ ಇಳಿದಿದೆ. (ಸಿಎಫ್‌ಒ, ಪುಟ 5)
>
> ಉದ್ರಿ: ಕಂಪನಿಗೆ ಹಣ ವಸೂಲಾಗಲು ಹಿಡಿಯುವ ದಿನ ಸರಾಸರಿ 112ರಿಂದ 104ಕ್ಕೆ ಬಂದಿದೆ. ಡೀಲರುಗಳ ಉದ್ರಿ ಅವಧಿ ಕಡಿಮೆ ಮಾಡುತ್ತೇವೆಂದು ಹೇಳಿಲ್ಲ. (ಸಿಎಫ್‌ಒ, ಪುಟ 5)
>
> ಹೊಸ ಮಾಲು: ಈ ಸಲ ಮಾತು ಬಂದಿಲ್ಲ.
>
> ನಮ್ಮ ಟಿಪ್ಪಣಿ: ನಮ್ಮ ಗೋದಾಮಿನಲ್ಲಿ ಉಳಿದಿರುವುದೂ ಹೆಚ್ಚಾಗಿ ಮೆಣಸಿನಕಾಯಿ ಮಾಲೇ. ಎರಡನೇ ಬೆಳೆಯ ನೀರಿನ ತೀರ್ಮಾನ ಬರುವ ತನಕ ಭತ್ತದ ಔಷಧಿಗೆ ದೊಡ್ಡ ಆರ್ಡರ್ ಬೇಡ.
>
> ಏರಿಯಾ ಮ್ಯಾನೇಜರ್‌ನ ಕೇಳಬೇಕಾದ್ದು: ವಾಪಸಿಗೆ ಕೊನೆಯ ದಿನಾಂಕ ಬರಹದಲ್ಲಿ ಕೊಡುತ್ತೀರಾ? ಹಳೇ ರೇಟಿನಲ್ಲಿ ಎತ್ತಿದ ಮಾಲಿಗೆ ರೇಟ್ ವ್ಯತ್ಯಾಸದ ಕ್ರೆಡಿಟ್ ನೋಟ್ ಇದೆಯೇ? ಮೆಣಸಿನಕಾಯಿ ಮಾಲು ಇಷ್ಟು ಉಳಿದಿರುವಾಗ ಇನ್ನೂ ಎತ್ತಿರಿ ಎನ್ನುವುದು ಯಾಕೆ?

'ಹೊಸ ಮಾಲು: ಮಾತು ಬಂದಿಲ್ಲ' ಎಂಬ ಸಾಲನ್ನು ಖಾಲಿ ಎಂದು ತೆಗೆದುಹಾಕಬೇಡಿ. ಕೇಳಿದ್ದಕ್ಕೆ ಉತ್ತರ ಇಲ್ಲ ಎಂಬುದೂ ಕೇಳಿದವರಿಗೆ ತಿಳಿಯಬೇಕು. ಇಲ್ಲದಿದ್ದರೆ ನೀವು ಮರೆತಿರಿ ಎಂದುಕೊಳ್ಳುತ್ತಾರೆ.

ಉದ್ರಿಯ ಸಾಲನ್ನು ಇನ್ನೊಮ್ಮೆ ನೋಡಿ. ವಸೂಲಿ ದಿನ ಕಡಿಮೆಯಾದದ್ದು ಡೀಲರುಗಳನ್ನು ಬಿಗಿ ಮಾಡಿದ್ದರಿಂದ ಇರಬಹುದು, ನಗದು ಸ್ಕೀಮಿನಿಂದ ಇರಬಹುದು, ರಫ್ತಿನ ಬಾಕಿ ಬಂದದ್ದರಿಂದಲೂ ಇರಬಹುದು. ಅಂಕಿಯಿಂದ ಕಾರಣ ಗೊತ್ತಾಗುವುದಿಲ್ಲ. ಸಿಎಫ್‌ಒ ಕಾರಣ ಹೇಳದಿದ್ದರೆ ನೀವೂ ಹೇಳಬೇಡಿ.

ಗುಂಪಿಗೆ ಹಾಕುವ ಮುಂಚೆ

ಪುಟವನ್ನು ಅಂಗಡಿಯಲ್ಲಿ ಇಂಗ್ಲಿಷ್ ಓದದ ಒಬ್ಬರ ಕೈಗೆ ಕೊಟ್ಟು, ಓದಿದ ಮೇಲೆ ಕಾಗದ ವಾಪಸ್ ಇಸಿದುಕೊಂಡು, "ಏನು ತಿಳೀತು ಹೇಳ್ರಿ" ಎಂದು ಕೇಳಿ. ನಮ್ಮ ಗೋದಾಮು ನೋಡಿಕೊಳ್ಳುವವರು ಮೇಲಿನಂಥ ಪುಟ ಓದಿದರೆ, "ಮಾಲು ಕಮ್ಮಿ ಕೊಡ್ತಾರ, ರೇಟ್ ಬಿದ್ದೈತಿ, ವಾಪಸ್ ಬಗ್ಗೆ ಬಾಯಿ ಬಿಟ್ಟಿಲ್ಲ" ಎನ್ನಬೇಕು. "ವಾಪಸ್ ತಗೊಳಂಗಿಲ್ಲಂತ" ಎಂದರೆ ಆ ಸಾಲು ಸರಿಯಿಲ್ಲ, ತಿದ್ದಿ. "ರೇಟ್ ಬೀಳ್ತೈತಂತ" ಎಂದರೂ ಅಷ್ಟೇ.

ಫೀಲ್ಡ್ ಹುಡುಗರಿಗೆ ಇಡೀ ಪುಟ ಬೇಡ. ಬೈಕ್ ಮೇಲೆ ಇರುವವರು ಧ್ವನಿ ಸಂದೇಶವನ್ನೇ ಕೇಳುವುದು. ಒಂದು ನಿಮಿಷದೊಳಗೆ ಅವರಿಗೆ ಬೇಕಾದ ಎರಡು ಸಂಗತಿ ಹೇಳಿ, ರೈತರಿಗೆ ಏನು ಹೇಳಬಾರದು ಎಂಬುದನ್ನೂ ಸೇರಿಸಿ: "ತಮ್ಮಾ, ರೇಟ್ ಇಳಿತೈತಿ ಅಂತ ಹಳ್ಯಾಗ ಯಾರಿಗೂ ಹೇಳಬ್ಯಾಡ್ರಿ, ಕಂಪ್ನಿ ಹಂಗ ಹೇಳಿಲ್ಲ." ಪುಟದ ಫೋಟೋವನ್ನು ಹೊರಗಿನ ಗುಂಪಿಗೆ ಹಾಕುವುದಾದರೆ 'ನಮ್ಮ ಟಿಪ್ಪಣಿ' ಮತ್ತು ಕೊನೆಯ ಪ್ರಶ್ನೆಗಳನ್ನು ಕತ್ತರಿಸಿ ಹಾಕಿ. ಗೋದಾಮಿನಲ್ಲಿ ಏನು ಉಳಿದಿದೆ ಎಂಬುದು ಎದುರಿನ ಅಂಗಡಿಗೆ ಗೊತ್ತಾಗಬೇಕಿಲ್ಲ.

ಆ ಪುಟವನ್ನು ಫೈಲಿನಲ್ಲಿ ಇಡಿ. ಅಕ್ಟೋಬರ್-ಡಿಸೆಂಬರ್ ಫಲಿತಾಂಶಕ್ಕೆ ಫೆಬ್ರುವರಿ 14ರವರೆಗೆ ಸಮಯವಿರುತ್ತದೆ, ಹಾಗಾಗಿ ಅದರ ಕಾಲ್ ಕೂಡ ಸಾಮಾನ್ಯವಾಗಿ ಆ ಆಸುಪಾಸಿಗೇ ಬರುತ್ತದೆ. ಆಗ ಹೊಸ ಟ್ರಾನ್ಸ್‌ಕ್ರಿಪ್ಟ್ ತೆರೆಯುವ ಮುಂಚೆ ಹಳೇ ಪುಟದ 'ನಿರೀಕ್ಷೆ ಇದೆ ಎಂದರು' ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಅವುಗಳ ಗತಿ ಏನಾಯಿತು ಎಂದು ಮೊದಲು ಹುಡುಕಿ. ವಾಪಸ್ ಮೊತ್ತ ಒಂಬತ್ತರಿಂದ ಇಳಿಯಿತೇ, ಇನ್ನೂ ಏರಿತೇ? ಹೊಸ ಪುಟದ ಮೊದಲ ಸಾಲು ಅದೇ ಆಗಲಿ.